ಪ್ರಗತಿ ಪತ್ರದಲ್ಲಿನ ಪದಗಳ ಅರ್ಥ: ಪೋಷಕರಿಗೆ ತರಗತಿ ಶಿಕ್ಷಕರ ಪತ್ರ

ಪೀಠಿಕೆ

ವಿದ್ಯಾರ್ಥಿ ವೇತನ, ವಿದ್ಯಾರ್ಥಿ ನಿಲಯ ಪ್ರವೇಶ, ಶಾಲಾ ವರ್ಗಾವಣೆ ಮುಂತಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವಾಗ ಪೋಷಕರು ಮಕ್ಕಳ ಪ್ರಗತಿ ಪತ್ರವನ್ನು ಲಗತ್ತಿಸುವುದು ವಾಡಿಕೆ. ಅರ್ಜಿ ನಮೂನೆಯಲ್ಲಿ ‘ಶೇಕಡಾವಾರು ಅಂಕ’ ಎಂಬ ಅಂಕಣವಿದ್ದರೆ, ಪ್ರಗತಿ ಪತ್ರದಲ್ಲಿ ಎದ್ದು ಕಾಣುವುದು ಶ್ರೇಣಿಯ ಅಕ್ಷರ ಮಾತ್ರ. ‘ರೂಪಣಾತ್ಮಕ’, ‘ಸಂಕಲನಾತ್ಮಕ’, ‘ಶ್ರೇಣಿ’, ‘ಶ್ರೇಣಿ ಅಂಕ ಸರಾಸರಿ’ ಎಂಬ ಪದಗಳು ನಿತ್ಯಬಳಕೆಯವಲ್ಲವಾದ್ದರಿಂದ ಅಂಕಣವನ್ನು ತಪ್ಪಾಗಿ ಭರ್ತಿ ಮಾಡುವ ಸಂಭವವಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗುವಿನ ಕಲಿಕೆಯ ಬಗ್ಗೆ ಪತ್ರದಲ್ಲಿಯೇ ಇರುವ ಸೂಚನೆಯು ಪೋಷಕರ ಗಮನಕ್ಕೆ ಬಾರದೆ ಹೋಗಬಹುದು.

ಈ ಪದಗಳನ್ನು ವಿವರಿಸಿ ಎಂಟನೇ ತರಗತಿಯ ಶಿಕ್ಷಕರು ಪೋಷಕರಿಗೆ ಬರೆಯಬಹುದಾದ ಮಾದರಿ ಪತ್ರವೊಂದನ್ನು ಸಾರ್ವಜನಿಕರ ಮಾಹಿತಿಗಾಗಿ ಕೆಳಗೆ ನೀಡಲಾಗಿದೆ. ಹಿಂದೆ ಕಲಬುರಗಿ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಮಲಾಪುರದ ರಾಜ್ಯ ಪಠ್ಯಕ್ರಮದ ಶಾಲೆಯೊಂದನ್ನು ಪತ್ರದ ಹಿನ್ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಎಂಟನೇ ತರಗತಿಯ ನಂತರ ಕಲಬುರಗಿ ನಗರದ ಪ್ರೌಢಶಾಲೆಗೆ ಮಕ್ಕಳನ್ನು ಸೇರಿಸಬಯಸುವ ಕುಟುಂಬಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಉದಾಹರಣೆಯ ಅಂಕಗಳು ವಿವರಣೆಗಾಗಿ ಮಾತ್ರ ಇದ್ದು, ಯಾವುದೇ ನಿರ್ದಿಷ್ಟ ವಿದ್ಯಾರ್ಥಿಗೆ ಸಂಬಂಧಿಸಿರುವುದಿಲ್ಲ.

ಪತ್ರ

ಮಾನ್ಯ ಪೋಷಕರೇ,

ಸವಿನಯ ವಂದನೆಗಳು. ತಮ್ಮ ಮಗುವಿನ ವಾರ್ಷಿಕ ಪ್ರಗತಿ ಪತ್ರವನ್ನು ಈ ಪತ್ರದೊಂದಿಗೆ ಕಳುಹಿಸಲಾಗಿದೆ. ಪ್ರಗತಿ ಪತ್ರ ಕೈಗೆ ಬಂದೊಡನೆ ಕೊನೆಯ ಅಂಕಣದ ಅಕ್ಷರವನ್ನು ನೋಡಿ, ಸಹಿ ಮಾಡಿ ಹಿಂದಿರುಗಿಸುವುದು ಸಾಮಾನ್ಯ. ಈ ಬಾರಿ ಸಹಿ ಮಾಡುವ ಮುನ್ನ ಮಧ್ಯದ ಅಂಕಣಗಳನ್ನೂ ಓದಬೇಕೆಂದು ಕೋರುತ್ತೇನೆ. ಕೊನೆಯ ಅಕ್ಷರವು ಹೇಳದೆ ಬಿಡುವ ಸಂಗತಿಗಳು ಆ ಅಂಕಣಗಳಲ್ಲಿವೆ.

1. ರೂಪಣಾತ್ಮಕ ಮೌಲ್ಯಮಾಪನ ಮತ್ತು ಸಂಕಲನಾತ್ಮಕ ಮೌಲ್ಯಮಾಪನ

ಮಕ್ಕಳು ಮನೆಯಲ್ಲಿ ‘ಎಫ್.ಎ.’ ಎಂದು ಹೇಳುವುದು ರೂಪಣಾತ್ಮಕ ಮೌಲ್ಯಮಾಪನವನ್ನು, ‘ಎಸ್.ಎ.’ ಎಂದು ಹೇಳುವುದು ಸಂಕಲನಾತ್ಮಕ ಮೌಲ್ಯಮಾಪನವನ್ನು.

ಇವೆರಡರ ವ್ಯತ್ಯಾಸವನ್ನು ನಮ್ಮ ಭಾಗದ ತೊಗರಿ ಬೆಳೆಯ ಮೂಲಕ ತಿಳಿಯಬಹುದು. ಬಿತ್ತನೆಯಾದ ಮೇಲೆ ರೈತನು ಆಗಾಗ್ಗೆ ಹೊಲಕ್ಕೆ ಹೋಗಿ ಕಳೆ ಎಷ್ಟಿದೆ, ಹೂವು ಉದುರುತ್ತಿದೆಯೇ, ಕಾಯಿಕೊರಕ ಬಿದ್ದಿದೆಯೇ ಎಂದು ನೋಡುತ್ತಾನೆ. ಬೆಳೆ ಇನ್ನೂ ಹೊಲದಲ್ಲಿರುವುದರಿಂದ ಕಂಡದ್ದನ್ನು ಸರಿಪಡಿಸಲು ಅವನಿಗೆ ಅವಕಾಶವಿರುತ್ತದೆ. ರೂಪಣಾತ್ಮಕ ಮೌಲ್ಯಮಾಪನವು ಈ ಬಗೆಯದು. ರಾಶಿ ಮುಗಿದ ಬಳಿಕ ಚೀಲಗಳನ್ನು ತಕ್ಕಡಿಗೆ ಹಾಕುವುದು ಬೇರೆ; ಆಗ ಎಷ್ಟು ಬಂದಿತೆಂಬ ಲೆಕ್ಕ ಮಾತ್ರ ಸಿಗುತ್ತದೆ. ಸಂಕಲನಾತ್ಮಕ ಮೌಲ್ಯಮಾಪನವು ಆ ತೂಕದಂತಹುದು.

ರೂಪಣಾತ್ಮಕ ಮೌಲ್ಯಮಾಪನವು ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತದೆ. ಮೊದಲೆರಡು ದಸರಾ ರಜೆಗೆ ಮುಂಚಿನ ಅವಧಿಗೆ, ಉಳಿದೆರಡು ನಂತರದ ಅವಧಿಗೆ ಸೇರುತ್ತವೆ. ಇದರಲ್ಲಿ ಚಟುವಟಿಕೆ, ಯೋಜನೆ, ಮೌಖಿಕ ಪ್ರಶ್ನೆ, ಗುಂಪು ಕೆಲಸ ಮತ್ತು ಕಿರುಪರೀಕ್ಷೆ ಇರುತ್ತವೆ. ಉದಾಹರಣೆಗೆ, ಕಮಲಾಪುರದ ಕೆಂಪು ಬಾಳೆ ಬೆಳೆಯುವ ತೋಟಕ್ಕೆ ಮಕ್ಕಳು ಭೇಟಿ ನೀಡಿ, ಗಿಡಗಳ ನಡುವಿನ ಅಂತರವನ್ನು ಅಳೆದು, ಒಂದು ಎಕರೆಗೆ ಎಷ್ಟು ಗಿಡ ಹಿಡಿಯುತ್ತವೆಂದು ಲೆಕ್ಕ ಹಾಕಿದರೆ ಅದು ಗಣಿತದ ಚಟುವಟಿಕೆಯಾಗುತ್ತದೆ. ಮಗು ಅಳತೆಯನ್ನು ಹೇಗೆ ತೆಗೆಯಿತು, ಎಲ್ಲಿ ಎಡವಿತು, ತಿದ್ದಿದಾಗ ಗ್ರಹಿಸಿತೇ ಎಂಬುದನ್ನು ಶಿಕ್ಷಕರು ಗಮನಿಸಿ ಅಂಕ ದಾಖಲಿಸುತ್ತಾರೆ.

ಸಂಕಲನಾತ್ಮಕ ಮೌಲ್ಯಮಾಪನವು ಎರಡು ಬಾರಿ, ಪ್ರತಿ ಅವಧಿಯ ಕೊನೆಗೆ ನಡೆಯುತ್ತದೆ. ಅಲ್ಲಿ ಅವಧಿಯ ಪಾಠಗಳೆಲ್ಲವೂ ಒಟ್ಟಿಗೆ ಬರುತ್ತವೆ. ಮಗು ಒಬ್ಬನೇ ಅಥವಾ ಒಬ್ಬಳೇ ಕುಳಿತು, ನಿಗದಿತ ವೇಳೆಯಲ್ಲಿ, ಬಹುಪಾಲು ಬರವಣಿಗೆಯಲ್ಲಿಯೇ ಉತ್ತರಿಸಬೇಕು.

ಒಂದರಿಂದ ಎಂಟನೇ ತರಗತಿಯವರೆಗೆ ಮಗುವಿನ ಗ್ರಹಿಕೆಯನ್ನು ನಿರಂತರವಾಗಿ ಹಾಗೂ ವ್ಯಾಪಕವಾಗಿ ಅಳೆಯಬೇಕೆಂದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ರ 29 ನೇ ಪ್ರಕರಣವು ಹೇಳುತ್ತದೆ. ಈ ಅಂಕಣಗಳಿಗೆ ಆಧಾರ ಅದೇ ಆಗಿದೆ.

2. ಅಂಕಗಳ ತೂಕ

ರಾಜ್ಯ ಪಠ್ಯಕ್ರಮದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ಎಂಟನೇ ತರಗತಿಯವರೆಗೆ ಪ್ರತಿ ರೂಪಣಾತ್ಮಕ ಮೌಲ್ಯಮಾಪನಕ್ಕೆ 15 ಅಂಕ ಮತ್ತು ಪ್ರತಿ ಸಂಕಲನಾತ್ಮಕ ಮೌಲ್ಯಮಾಪನಕ್ಕೆ 20 ಅಂಕ. ಆದ್ದರಿಂದ ವರ್ಷದ 100 ಅಂಕಗಳಲ್ಲಿ 60 ಅಂಕಗಳು ರೂಪಣಾತ್ಮಕಕ್ಕೂ 40 ಅಂಕಗಳು ಸಂಕಲನಾತ್ಮಕಕ್ಕೂ ಸಲ್ಲುತ್ತವೆ. ತಮ್ಮ ಕೈಯಲ್ಲಿರುವ ಪತ್ರದ ಅಂಕಣದ ತಲೆಬರಹದಲ್ಲಿ ಬೇರೆ ಗರಿಷ್ಠ ಅಂಕ ನಮೂದಾಗಿದ್ದಲ್ಲಿ ಅದನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.

ಅವಧಿಯ ಕೊನೆಯ ಪರೀಕ್ಷೆಯು ಹೆಚ್ಚಿನ ಅಂಕಗಳಿಗೆ ನಡೆದಿದ್ದರೆ ಅದನ್ನು 20 ಕ್ಕೆ ಇಳಿಸಿ ಬರೆಯಲಾಗುತ್ತದೆ. ಉದಾಹರಣೆಗೆ, 50 ಕ್ಕೆ 18 ಅಂಕ ಬಂದಿದ್ದರೆ 20 ಕ್ಕೆ 7.2 ಆಗುತ್ತದೆ, ಪತ್ರದಲ್ಲಿ 7 ಎಂದು ಕಾಣುತ್ತದೆ. ಉತ್ತರ ಪತ್ರಿಕೆಯ ಮೇಲೆ 18 ಇದ್ದು ಪ್ರಗತಿ ಪತ್ರದಲ್ಲಿ 7 ಇರುವುದನ್ನು ಕಂಡು ಅಂಕ ಕಡಿತವಾಗಿದೆಯೆಂದು ಭಾವಿಸಬೇಕಾಗಿಲ್ಲ.

3. ಶ್ರೇಣಿಯ ಅಕ್ಷರ

ಒಟ್ಟು ಅಂಕಗಳನ್ನು ಶೇಕಡಾವಾರು ಲೆಕ್ಕ ಹಾಕಿದ ನಂತರ ಅಕ್ಷರ ನೀಡಲಾಗುತ್ತದೆ. ಈ ಹಂತದ ತರಗತಿಗಳಲ್ಲಿ 90 ಮತ್ತು ಅದಕ್ಕಿಂತ ಹೆಚ್ಚಿದ್ದರೆ ‘ಎ+’, 70 ರಿಂದ 89 ರವರೆಗೆ ‘ಎ’, 50 ರಿಂದ 69 ರವರೆಗೆ ‘ಬಿ+’, 30 ರಿಂದ 49 ರವರೆಗೆ ‘ಬಿ’, 30 ಕ್ಕಿಂತ ಕಡಿಮೆಯಿದ್ದರೆ ‘ಸಿ’ ಆಗುತ್ತದೆ.

ಹೀಗಾಗಿ ಅಕ್ಷರವು ಒಂದು ಅಂಕಿಯಲ್ಲ, ಒಂದು ವ್ಯಾಪ್ತಿ. 50 ಅಂಕ ಪಡೆದ ಮಗುವಿಗೂ 69 ಅಂಕ ಪಡೆದ ಮಗುವಿಗೂ ‘ಬಿ+’ ಎಂದೇ ಬರುತ್ತದೆ. 51 ರಿಂದ 68 ಕ್ಕೆ ಏರಿದ ಮಗುವಿನ ಶ್ರಮವು ಅಕ್ಷರದಲ್ಲಿ ಕಾಣುವುದೇ ಇಲ್ಲ. ಆದರೆ 69 ರಿಂದ 70 ಕ್ಕೆ ಬಂದ ಒಂದೇ ಅಂಕವು ಅಕ್ಷರವನ್ನು ಬದಲಿಸಿಬಿಡುತ್ತದೆ. ಆದಕಾರಣ ಅಕ್ಷರ ಬದಲಾಗಲಿಲ್ಲವೆಂದು ಮಗುವನ್ನು ಗದರಿಸುವ ಮುನ್ನ ಅದರ ಪಕ್ಕದ ಅಂಕಿಯನ್ನು ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸಿ ನೋಡಬೇಕು.

ಸಹಪಠ್ಯ ಚಟುವಟಿಕೆಗಳು ಮತ್ತು ನಡವಳಿಕೆಗೆ ನೀಡುವ ಅಕ್ಷರಗಳು ಪತ್ರದ ಬೇರೆ ಭಾಗದಲ್ಲಿರುತ್ತವೆ. ಅವನ್ನು ಪಠ್ಯ ವಿಷಯಗಳ ಒಟ್ಟು ಅಂಕಗಳಿಗೆ ಸೇರಿಸುವುದಿಲ್ಲ.

4. ಒಂದು ಉದಾಹರಣೆ: ಒಂದೇ ಅಕ್ಷರ, ಎರಡು ಅರ್ಥ

ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ಮೊದಲ ಅವಧಿಯ ಎರಡು ವಿಷಯಗಳ ಅಂಕಗಳು ಕೆಳಕಂಡಂತಿವೆ ಎಂದಿಟ್ಟುಕೊಳ್ಳೋಣ.

| ವಿಷಯ | ರೂಪಣಾತ್ಮಕ 1 (15 ಕ್ಕೆ) | ರೂಪಣಾತ್ಮಕ 2 (15 ಕ್ಕೆ) | ಸಂಕಲನಾತ್ಮಕ 1 (20 ಕ್ಕೆ) | ಒಟ್ಟು (50 ಕ್ಕೆ) | ಶೇಕಡಾ | ಶ್ರೇಣಿ |
|---|---|---|---|---|---|---|
| ಗಣಿತ | 13 | 14 | 7 | 34 | 68 | ಬಿ+ |
| ವಿಜ್ಞಾನ | 9 | 10 | 15 | 34 | 68 | ಬಿ+ |

ಕೊನೆಯ ಮೂರು ಅಂಕಣಗಳನ್ನು ಮಾತ್ರ ನೋಡಿದರೆ ಎರಡೂ ವಿಷಯಗಳಲ್ಲಿ ಮಗು ಒಂದೇ ಮಟ್ಟದಲ್ಲಿದೆ. ಮಧ್ಯದ ಅಂಕಣಗಳನ್ನು ನೋಡಿದರೆ ಸ್ಥಿತಿಯು ತದ್ವಿರುದ್ಧವಾಗಿದೆ. ಗಣಿತದಲ್ಲಿ ತರಗತಿಯ ಕೆಲಸಕ್ಕೆ 30 ಕ್ಕೆ 27 ಬಂದಿದ್ದರೂ ಪರೀಕ್ಷೆಯಲ್ಲಿ 20 ಕ್ಕೆ 7 ಮಾತ್ರ ಬಂದಿದೆ. ವಿಜ್ಞಾನದಲ್ಲಿ ತರಗತಿಯ ಕೆಲಸಕ್ಕೆ 30 ಕ್ಕೆ 19 ಬಂದಿದ್ದು, ಪರೀಕ್ಷೆಯಲ್ಲಿ 20 ಕ್ಕೆ 15 ಬಂದಿದೆ.

ಗಣಿತದಲ್ಲಿ ಕಂಡಂತೆ ರೂಪಣಾತ್ಮಕ ಹೆಚ್ಚಾಗಿ ಸಂಕಲನಾತ್ಮಕ ಕಡಿಮೆಯಾಗಲು ಹಲವು ಕಾರಣಗಳಿರಬಹುದು. ಗುಂಪು ಕೆಲಸದಲ್ಲಿ ಗುಂಪಿಗೆ ಬಂದ ಅಂಕವೇ ಪ್ರತಿ ಮಗುವಿಗೂ ಬಂದಿರಬಹುದು. ಆಗಷ್ಟೇ ಕಲಿತದ್ದನ್ನು ಮಗು ಚೆನ್ನಾಗಿ ಮಾಡಿದ್ದು, ನಾಲ್ಕು ತಿಂಗಳ ಪಾಠ ಒಟ್ಟಿಗೆ ಬಂದಾಗ ಮರೆತಿರಬಹುದು. ಲೆಕ್ಕ ಬರುತ್ತಿದ್ದರೂ ಪ್ರಶ್ನೆಯ ವಾಕ್ಯವನ್ನು ಓದಿ ಅರ್ಥೈಸಿಕೊಳ್ಳುವುದು ಕಷ್ಟವಾಗಿರಬಹುದು. ಚಟುವಟಿಕೆಗೆ ಶಿಕ್ಷಕರು ಉದಾರವಾಗಿ ಅಂಕ ನೀಡಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಇವುಗಳಲ್ಲಿ ಯಾವುದು ನಿಜವೆಂಬುದು ಉತ್ತರ ಪತ್ರಿಕೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ. ಪೋಷಕರ ಸಭೆಗೆ ಬಂದಾಗ ತಾವು ಅದನ್ನು ಕೇಳಿ ಪಡೆದು ನೋಡಬಹುದು. ಕೊನೆಯ ಪ್ರಶ್ನೆಗಳು ಮಾತ್ರ ಖಾಲಿಯಿದ್ದರೆ ವೇಳೆ ಸಾಲದಾಗಿದೆ ಎಂದರ್ಥ. ಸಂಖ್ಯೆ ಕೊಟ್ಟು ಬಿಡಿಸಿರಿ ಎಂದ ಲೆಕ್ಕಗಳು ಸರಿಯಿದ್ದು, ‘ಒಬ್ಬ ವ್ಯಾಪಾರಿಯು…’ ಎಂದು ಆರಂಭವಾಗುವ ವಾಕ್ಯರೂಪದ ಲೆಕ್ಕಗಳು ಖಾಲಿಯಿದ್ದರೆ ತೊಡಕು ಓದಿನಲ್ಲಿದೆ, ಗಣಿತದಲ್ಲಲ್ಲ. ಮೊದಲ ತಿಂಗಳುಗಳ ಪಾಠಗಳೇ ತಪ್ಪಾಗಿದ್ದರೆ ಪುನರಾವರ್ತನೆ ಆಗಿಲ್ಲ. ಅಕ್ಷರ ಓದಲು ಬಾರದ ಪೋಷಕರೂ ಒಂದು ಪರೀಕ್ಷೆ ಮಾಡಬಹುದು: ಉತ್ತರ ಪತ್ರಿಕೆಯಲ್ಲಿ ತಪ್ಪಾದ ಲೆಕ್ಕವನ್ನು ಯಾರಿಂದಲಾದರೂ ಗಟ್ಟಿಯಾಗಿ ಓದಿಸಿ ಮಗುವಿಗೆ ಕೇಳಿಸಬೇಕು. ಕೇಳಿದೊಡನೆ ಬಾಯಿಯಲ್ಲಿ ಸರಿಯಾಗಿ ಹೇಳಿದರೆ ಓದಿನ ಕಡೆಗೆ, ಹೇಳದಿದ್ದರೆ ಆ ಪಾಠದ ಕಡೆಗೆ ಗಮನ ಕೊಡಬೇಕಾಗುತ್ತದೆ.

ವಿಜ್ಞಾನದಲ್ಲಿ ಕಂಡಂತೆ ರೂಪಣಾತ್ಮಕ ಕಡಿಮೆಯಾಗಿ ಸಂಕಲನಾತ್ಮಕ ಹೆಚ್ಚಾಗಿದ್ದರೆ ಮೊದಲು ಹಾಜರಾತಿಯ ಸಾಲನ್ನು ನೋಡತಕ್ಕದ್ದು. ಚಟುವಟಿಕೆ ನಡೆದ ದಿನ ಮಗು ಶಾಲೆಗೆ ಬಾರದಿದ್ದಲ್ಲಿ, ಅಥವಾ ಯೋಜನಾ ವರದಿಯನ್ನು ಸಲ್ಲಿಸದಿದ್ದಲ್ಲಿ ಹೀಗಾಗುತ್ತದೆ. ಮೂರನೇ ರೂಪಣಾತ್ಮಕ ಮೌಲ್ಯಮಾಪನದ ಕಾಲಕ್ಕೆ ತೊಗರಿಯ ಕೊಯ್ಲು ಮತ್ತು ರಾಶಿ ಬರುವುದರಿಂದ, ಮನೆಯವರೊಡನೆ ಹೊಲಕ್ಕೋ ಪರಊರಿಗೋ ಹೋದ ಮಕ್ಕಳ ಈ ಅಂಕಣದಲ್ಲಿ ಅಂಕಿಯ ಬದಲು ‘ಗೈರು’ ಎಂದಿರುವುದುಂಟು. ಗೈರು ಎಂಬುದು ಮಗುವಿಗೆ ಬಾರದು ಎಂಬುದರ ಗುರುತಲ್ಲ. ಹಿಂದಿರುಗಿದ ವಾರದಲ್ಲಿಯೇ ತಿಳಿಸಿದರೆ ಆ ಚಟುವಟಿಕೆಯನ್ನು ಮಗುವಿನಿಂದ ಮಾಡಿಸಿ ದಾಖಲಿಸಲು ತರಗತಿ ಶಿಕ್ಷಕರನ್ನು ಕೋರಬಹುದು. ವಾರ್ಷಿಕ ಫಲಿತಾಂಶ ಸಿದ್ಧವಾದ ನಂತರ ಅದು ಕಷ್ಟಸಾಧ್ಯ.

5. ತೂಕ ಬದಲಾದಾಗ ಏನಾಗುತ್ತದೆ

ಮೇಲ್ಕಂಡ ವಿದ್ಯಾರ್ಥಿನಿಯು ಎರಡನೇ ಅವಧಿಯಲ್ಲಿ ಗಣಿತದಲ್ಲಿ 13, 13 ಮತ್ತು 8. ವಿಜ್ಞಾನದಲ್ಲಿ 11, 12 ಮತ್ತು 16 ಅಂಕ ಪಡೆದಳೆಂದು ಭಾವಿಸೋಣ. ವರ್ಷದ ಒಟ್ಟು ಗಣಿತದಲ್ಲಿ 68, ವಿಜ್ಞಾನದಲ್ಲಿ 73 ಆಗುತ್ತದೆ. ಗಣಿತಕ್ಕೆ ‘ಬಿ+’, ವಿಜ್ಞಾನಕ್ಕೆ ‘ಎ’. ಎರಡರ ನಡುವೆ ಹೆಚ್ಚಿನ ಅಂತರವೇನೂ ಇಲ್ಲವೆಂದು ತೋರುತ್ತದೆ.

ಆದರೆ ಎಸ್.ಎಸ್.ಎಲ್.ಸಿ. ತಲುಪಿದಾಗ ತೂಕ ತಿರುಗಿಬಿಡುತ್ತದೆ. ಅಲ್ಲಿ 100 ಅಂಕಗಳ ವಿಷಯದಲ್ಲಿ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ, ಲಿಖಿತ ಪರೀಕ್ಷೆಗೆ 80 ಅಂಕ. 50 ಅಂಕಗಳ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಒಟ್ಟು 200 ಅಂಕಗಳನ್ನು 20 ಕ್ಕೆ ಇಳಿಸಲಾಗುತ್ತದೆ. 125 ಅಂಕಗಳ ಪ್ರಥಮ ಭಾಷೆಯಲ್ಲಿ ಈ ಪ್ರಮಾಣವು 25 ಮತ್ತು 100. ಎಂಟನೇ ತರಗತಿಯಲ್ಲಿ ನೂರಕ್ಕೆ 60 ರಷ್ಟಿದ್ದ ತರಗತಿ ಕೆಲಸದ ಪಾಲು ಹತ್ತನೇ ತರಗತಿಯಲ್ಲಿ 20 ಕ್ಕೆ ಇಳಿಯುತ್ತದೆ.

ಈ ತೂಕವನ್ನು ಅದೇ ಮಗುವಿನ ಅಂಕಗಳಿಗೆ ಹಾಕಿ ನೋಡೋಣ. ಗಣಿತದಲ್ಲಿ ನಾಲ್ಕು ರೂಪಣಾತ್ಮಕಗಳ ಒಟ್ಟು 60 ಕ್ಕೆ 53. ಇದು 20 ಕ್ಕೆ ಸುಮಾರು 18 ಆಗುತ್ತದೆ. ಎರಡು ಸಂಕಲನಾತ್ಮಕಗಳ ಒಟ್ಟು 40 ಕ್ಕೆ 15; ಇದು 80 ಕ್ಕೆ 30 ಆಗುತ್ತದೆ. ಕೂಡಿದರೆ 48. ವಿಜ್ಞಾನದಲ್ಲಿ 60 ಕ್ಕೆ 42 ಎಂಬುದು 20 ಕ್ಕೆ 14 ಆಗುತ್ತದೆ. 40 ಕ್ಕೆ 31 ಎಂಬುದು 80 ಕ್ಕೆ 62 ಆಗುತ್ತದೆ. ಕೂಡಿದರೆ 76.

ಮಗು ಬದಲಾಗಿಲ್ಲ, ಅಂಕಗಳೂ ಬದಲಾಗಿಲ್ಲ. ಆದರೂ ಗಣಿತವು 68 ರಿಂದ 48 ಕ್ಕೆ ಇಳಿಯಿತು, ವಿಜ್ಞಾನವು 73 ರಿಂದ 76 ಕ್ಕೆ ಏರಿತು. ಎಂಟನೇ ತರಗತಿಯಲ್ಲಿ 5 ಅಂಕಗಳಷ್ಟಿದ್ದ ಅಂತರವು 28 ಅಂಕಗಳಾಯಿತು. ಇದು ಭವಿಷ್ಯ ನುಡಿಯುವ ಲೆಕ್ಕವಲ್ಲ. ಎರಡು ವರ್ಷಗಳಲ್ಲಿ ಮಗು ಬಹಳಷ್ಟು ಕಲಿಯುತ್ತದೆ. ಆದರೆ ಗಣಿತದ ಬರವಣಿಗೆಯ ಕಡೆಗೆ ಈಗಲೇ ಗಮನ ಕೊಡಬೇಕೆಂಬುದನ್ನು ಇದು ತಿಳಿಸುತ್ತದೆ. ‘ಎಂಟನೇ ತರಗತಿಯಲ್ಲಿ ಚೆನ್ನಾಗಿದ್ದ ಮಗು ಹತ್ತಕ್ಕೆ ಹೋಗಿ ಹಿಂದೆ ಬಿದ್ದಿತು’ ಎಂಬ ಮಾತಿನ ಹಿಂದೆ ಎಷ್ಟೋ ಬಾರಿ ಇರುವುದು ಈ ತೂಕದ ಬದಲಾವಣೆ. ಊರು ಬಿಟ್ಟು ನಗರಕ್ಕೆ ಸೇರಿಸಿದ್ದೇ ಕಾರಣವೆಂದು ತೀರ್ಮಾನಿಸುವ ಮುನ್ನ ಹಳೆಯ ಪ್ರಗತಿ ಪತ್ರದ ಸಂಕಲನಾತ್ಮಕ ಅಂಕಣವನ್ನು ತೆಗೆದು ನೋಡತಕ್ಕದ್ದು.

ಇದೇ ಲೆಕ್ಕವನ್ನು ತಾವು ಮನೆಯಲ್ಲಿಯೇ ಮಾಡಬಹುದು. ನಾಲ್ಕು ರೂಪಣಾತ್ಮಕ ಅಂಕಗಳನ್ನು ಕೂಡಿ ಮೂರರಿಂದ ಭಾಗಿಸಬೇಕು. ಎರಡು ಸಂಕಲನಾತ್ಮಕ ಅಂಕಗಳನ್ನು ಕೂಡಿ ಎರಡರಿಂದ ಗುಣಿಸಬೇಕು. ಬಂದ ಎರಡು ಸಂಖ್ಯೆಗಳನ್ನು ಕೂಡಿದರೆ ಹತ್ತನೇ ತರಗತಿಯ ತೂಕದಲ್ಲಿ ಆ ವಿಷಯವು ಎಲ್ಲಿ ನಿಲ್ಲುತ್ತದೆಂಬ ಅಂದಾಜು ದೊರೆಯುತ್ತದೆ. ಪತ್ರದಲ್ಲಿನ ಒಟ್ಟು ಅಂಕಕ್ಕಿಂತ ಇದು 10 ಅಥವಾ ಅದಕ್ಕೂ ಹೆಚ್ಚು ಕಡಿಮೆಯಿದ್ದರೆ ಆ ವಿಷಯದ ಶಿಕ್ಷಕರನ್ನು ಕಂಡು ಮಾತನಾಡುವುದು ಒಳಿತು.

6. ಶ್ರೇಣಿ ಅಂಕ ಸರಾಸರಿ, ಅಂದರೆ ಜಿ.ಪಿ.ಎ.

ನೆರೆಮನೆಯ ಮಗುವಿಗೆ ‘ಒಂಬತ್ತು ಜಿ.ಪಿ.ಎ.’ ಬಂದಿದೆ, ನಮ್ಮ ಮಗುವಿನ ಪತ್ರದಲ್ಲಿ ಅದು ಏಕಿಲ್ಲ ಎಂಬ ಪ್ರಶ್ನೆ ತಮಗೆ ಬರಬಹುದು. ಮೇಲೆ ವಿವರಿಸಿದ ಪ್ರಗತಿ ಪತ್ರದಲ್ಲಿ ಶೇಕಡಾವಾರು ಅಂಕ ಮತ್ತು ಶ್ರೇಣಿ ಇರುತ್ತವೆಯೇ ಹೊರತು ಶ್ರೇಣಿ ಅಂಕ ಸರಾಸರಿ ಇರುವುದಿಲ್ಲ. ಅದು ಬೇರೆ ಎರಡು ಕಡೆ ಕಂಡುಬರುತ್ತದೆ.

ಮೊದಲನೆಯದು, ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಅಂದರೆ ಸಿ.ಬಿ.ಎಸ್.ಇ., 2010 ರಿಂದ 2017 ರವರೆಗೆ ನೀಡಿದ ಹತ್ತನೇ ತರಗತಿಯ ಪ್ರಮಾಣ ಪತ್ರಗಳು. ಆ ಪದ್ಧತಿಯಲ್ಲಿ ಪ್ರತಿ ವಿಷಯದ ಶ್ರೇಣಿಗೆ ಒಂದು ಶ್ರೇಣಿ ಅಂಕವಿತ್ತು: 91 ರಿಂದ 100 ಕ್ಕೆ 10, 81 ರಿಂದ 90 ಕ್ಕೆ 9, 71 ರಿಂದ 80 ಕ್ಕೆ 8, ಹೀಗೆ ಇಳಿಯುತ್ತಿತ್ತು. ಐದು ಮುಖ್ಯ ವಿಷಯಗಳ ಶ್ರೇಣಿ ಅಂಕಗಳ ಸರಾಸರಿಯನ್ನು ಸಂಚಿತ ಶ್ರೇಣಿ ಅಂಕ ಸರಾಸರಿ, ಅಂದರೆ ಸಿ.ಜಿ.ಪಿ.ಎ., ಎಂದು ಕರೆಯಲಾಗುತ್ತಿತ್ತು. ಒಬ್ಬರಿಗೆ 10, 9, 9, 8, 9 ಬಂದಿದ್ದರೆ ಒಟ್ಟು 45, ಸರಾಸರಿ 9.0. ಇದನ್ನು 9.5 ರಿಂದ ಗುಣಿಸಿದರೆ 85.5, ಇದು ಅಂದಾಜು ಶೇಕಡಾ. ಅತ್ಯುನ್ನತ ಶ್ರೇಣಿಯಲ್ಲಿದ್ದವರ ಹಿಂದಿನ ವರ್ಷಗಳ ಅಂಕಗಳ ಸರಾಸರಿಯು ಸುಮಾರು 95 ಇದ್ದುದರಿಂದ, ಅದನ್ನು 10 ರಿಂದ ಭಾಗಿಸಿ 9.5 ಎಂದು ಮಂಡಳಿಯು ನಿಗದಿಪಡಿಸಿತ್ತು. 2018 ರ ಹತ್ತನೇ ತರಗತಿಯ ಪರೀಕ್ಷೆಯಿಂದ ಆ ಮಂಡಳಿಯು ಅಂಕಗಳ ಪದ್ಧತಿಗೆ ಮರಳಿತು. ಆದ್ದರಿಂದ 9.5 ರ ಗುಣಾಕಾರವು ಆ ವರ್ಷಗಳ ಆ ಮಂಡಳಿಯ ಪ್ರಮಾಣ ಪತ್ರಕ್ಕೆ ಮಾತ್ರ ಸಲ್ಲುತ್ತದೆ; ನಮ್ಮ ಪ್ರಗತಿ ಪತ್ರಕ್ಕಾಗಲಿ, ಪದವಿಯ ಅಂಕಪಟ್ಟಿಗಾಗಲಿ ಸಲ್ಲುವುದಿಲ್ಲ.

ಎರಡನೆಯದು, ವಿಶ್ವವಿದ್ಯಾಲಯದ ಅಂಕಪಟ್ಟಿ. ಮನೆಯ ಹಿರಿಯ ಮಗ ಅಥವಾ ಮಗಳು ಕಲಬುರಗಿಯಲ್ಲಿ ಪದವಿ ಓದುತ್ತಿದ್ದರೆ ಅವರ ಅಂಕಪಟ್ಟಿಯಲ್ಲಿ ಇದು ಇರಬಹುದು. ಅಲ್ಲಿ ಪ್ರತಿ ವಿಷಯಕ್ಕೂ ಕ್ರೆಡಿಟ್ ಎಂಬ ತೂಕವಿರುತ್ತದೆ. 4 ಕ್ರೆಡಿಟ್‌ನ ವಿಷಯದಲ್ಲಿ ಶ್ರೇಣಿ ಅಂಕ 8, ಇನ್ನೊಂದು 4 ಕ್ರೆಡಿಟ್‌ನ ವಿಷಯದಲ್ಲಿ 7, 3 ಕ್ರೆಡಿಟ್‌ನ ವಿಷಯದಲ್ಲಿ 6 ಬಂದಿದ್ದರೆ 32, 28 ಮತ್ತು 18 ಕೂಡಿ 78. ಇದನ್ನು ಒಟ್ಟು ಕ್ರೆಡಿಟ್ 11 ರಿಂದ ಭಾಗಿಸಿದರೆ 7.09. ಇದು ಆ ಸೆಮಿಸ್ಟರ್‌ನ ಶ್ರೇಣಿ ಅಂಕ ಸರಾಸರಿ. ಇದನ್ನು ಶೇಕಡಾಕ್ಕೆ ಪರಿವರ್ತಿಸುವ ಸೂತ್ರವು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗಿರಬಹುದಾದ್ದರಿಂದ ಆಯಾ ವಿಶ್ವವಿದ್ಯಾಲಯವು ಪ್ರಕಟಿಸಿದ ಸೂತ್ರವನ್ನೇ ಬಳಸತಕ್ಕದ್ದು.

ಪೋಷಕರ ಸಭೆಗೆ ಬರುವಾಗ ಈ ಪ್ರಗತಿ ಪತ್ರವನ್ನು ತಪ್ಪದೆ ತರಬೇಕೆಂದು ಕೋರುತ್ತೇನೆ. ಎರಡು ಬಗೆಯ ಅಂಕಣಗಳ ನಡುವೆ ಅಂತರ ಹೆಚ್ಚಿರುವ ವಿಷಯಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ ತಂದರೆ ನಮ್ಮ ಮಾತು ಅಲ್ಲಿಂದಲೇ ಆರಂಭವಾಗಬಹುದು.

ಇಂತಿ ತಮ್ಮ ವಿಶ್ವಾಸಿ,
ತರಗತಿ ಶಿಕ್ಷಕರು, ಎಂಟನೇ ತರಗತಿ

ಅರ್ಜಿದಾರರ ಗಮನಕ್ಕೆ

ಅರ್ಜಿ ನಮೂನೆಯಲ್ಲಿ ಶೇಕಡಾವಾರು ಅಂಕ ಕೇಳಿದ್ದಲ್ಲಿ ಪ್ರಗತಿ ಪತ್ರದಲ್ಲಿ ಮುದ್ರಿತವಾದ ಒಟ್ಟು ಅಂಕಗಳಿಂದಲೇ ಲೆಕ್ಕ ಹಾಕಿ ನಮೂದಿಸತಕ್ಕದ್ದು. ‘ಎ’ ಶ್ರೇಣಿಯೆಂದರೆ ಶೇಕಡಾ 90 ಇರಬಹುದೆಂದು ಊಹಿಸಿ ಬರೆಯಬಾರದು. ಎಂಟನೇ ತರಗತಿಯ ‘ಎ’ ಎಂಬುದು 70 ಅಂಕಕ್ಕೂ ಬರುತ್ತದೆ. ನಮೂದಿಸಿದ ಅಂಕಕ್ಕೂ ಲಗತ್ತಿಸಿದ ಪತ್ರಕ್ಕೂ ತಾಳೆಯಾಗದಿದ್ದಲ್ಲಿ ಪರಿಶೀಲನೆಯ ಹಂತದಲ್ಲಿ ಅರ್ಜಿಯು ಆಕ್ಷೇಪಣೆಗೆ ಒಳಗಾಗುವ ಸಂಭವವಿರುತ್ತದೆ.

ಒಂದೇ ಅಕ್ಷರವು ಎರಡು ದಾಖಲೆಗಳಲ್ಲಿ ಒಂದೇ ಅರ್ಥ ಕೊಡುವುದಿಲ್ಲ ಎಂಬುದನ್ನೂ ಗಮನಿಸತಕ್ಕದ್ದು. ಎಂಟನೇ ತರಗತಿಯ ಪ್ರಗತಿ ಪತ್ರದಲ್ಲಿ ‘ಬಿ+’ ಎಂದರೆ ಶೇಕಡಾ 50 ರಿಂದ 69. ಎಸ್.ಎಸ್.ಎಲ್.ಸಿ. ಫಲಿತಾಂಶದ ಶ್ರೇಣಿಗಳಲ್ಲಿ ‘ಬಿ+’ ಎಂದರೆ 625 ಕ್ಕೆ 438 ರಿಂದ 499, ಅಂದರೆ ಶೇಕಡಾ 70 ರಿಂದ 80 ರೊಳಗೆ. ಅಣ್ಣನ ಎಸ್.ಎಸ್.ಎಲ್.ಸಿ. ‘ಬಿ+’ ಅನ್ನು ತಂಗಿಯ ಎಂಟನೇ ತರಗತಿಯ ‘ಬಿ+’ ನೊಂದಿಗೆ ಸಮನೆಂದು ಅರ್ಜಿಯಲ್ಲಿ ಬರೆಯಲಾಗದು.

ಕಮಲಾಪುರದಿಂದ ಕಲಬುರಗಿಗೆ, ಅಥವಾ ರಾಜ್ಯ ಪಠ್ಯಕ್ರಮದ ಶಾಲೆಯಿಂದ ಬೇರೆ ಮಂಡಳಿಯ ಶಾಲೆಗೆ ವರ್ಗಾವಣೆ ಪಡೆಯುವವರು ವರ್ಗಾವಣೆ ಪ್ರಮಾಣ ಪತ್ರದೊಂದಿಗೆ ಅಂಕಣವಾರು ಅಂಕಗಳಿರುವ ಪ್ರಗತಿ ಪತ್ರದ ಪ್ರತಿಯನ್ನೂ ಪಡೆದುಕೊಳ್ಳುವುದು ಸೂಕ್ತ. ಶ್ರೇಣಿ ಮಾತ್ರವಿರುವ ಪತ್ರದಿಂದ ಹೊಸ ಶಾಲೆಯು ಅಂಕಗಳನ್ನು ಮರಳಿ ಪಡೆಯಲು ಸಾಧ್ಯವಿರುವುದಿಲ್ಲ. ಪತ್ರದಲ್ಲಿ ಕೂಡಿಸುವಿಕೆಯ ಅಥವಾ ನಮೂದಿನ ದೋಷ ಕಂಡುಬಂದಲ್ಲಿ ಸ್ವತಃ ತಿದ್ದದೆ, ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಸಲ್ಲಿಸಿ ತಿದ್ದುಪಡಿಗೆ ಸಹಿ ಮತ್ತು ಮೊಹರು ಪಡೆಯತಕ್ಕದ್ದು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು.